ಆರು ಆಫರ್ ಕೊಟ್ಟೆವು, ಬಂದವರು ಇಬ್ಬರೇ: ಸಣ್ಣ ಕಂಪನಿಯವರ ಅನುಭವಗಳು

ಕೇಳಿದವರು, ಹುಬ್ಬಳ್ಳಿ: ನಮ್ಮದು 24 ಜನರ ಕಂಪನಿ. ಕಾರ್ಖಾನೆ ಯಂತ್ರಗಳಿಗೆ ಕಂಟ್ರೋಲ್ ಸಾಫ್ಟ್‌ವೇರ್ ಮಾಡುತ್ತೇವೆ. ಕಳೆದ ಸಲ ಆರು ಫ್ರೆಶರ್‌ಗಳಿಗೆ ಆಫರ್ ಕೊಟ್ಟೆವು, ಇಬ್ಬರು ಬಂದರು. ಉಳಿದವರು ದೊಡ್ಡ ಕಂಪನಿಗೆ ಹೋದರು. ನಮ್ಮ ಹೆಸರೇ ಹುಡುಗರಿಗೆ ಗೊತ್ತಿಲ್ಲ. ಜಾಹೀರಾತಿಗೆ ದುಡ್ಡು ಹಾಕಬೇಕಾ?

ಪೀಣ್ಯದ ಒಬ್ಬ ಮಾಲೀಕರು: ಜಾಹೀರಾತು ಬಿಡಿ, ಸಂಬಳ ಏರಿಸಿ. ನಾವು ತಿಂಗಳಿಗೆ ಐದು ಸಾವಿರ ಜಾಸ್ತಿ ಮಾಡಿದೆವು, ಕರೆದ ಮೂವರೂ ಬಂದರು. ಆದರೆ ಎರಡು ವರ್ಷದಿಂದ ಇದ್ದ ಹುಡುಗರು ನೇರವಾಗಿ ಬಂದು ಕೇಳಿದರು, ‘ನಮಗೂ ಹೊಸಬರಿಗೂ ಒಂದೇ ಸಂಬಳವಾ?’ ಅವರಿಗೂ ಏರಿಸಬೇಕಾಯಿತು. ಆ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಿ. ಆದರೂ ದುಡ್ಡೇ ಮೊದಲು ಅಂತಲೇ ನನ್ನ ಅಭಿಪ್ರಾಯ.

ಪ್ಲೇಸ್‌ಮೆಂಟ್ ಆಫೀಸರ್ ಆಗಿದ್ದವರು, ಬೆಳಗಾವಿ: ಸಂಬಳಕ್ಕಿಂತ ಮೊದಲು ಇನ್ನೊಂದು ಕೇಳುತ್ತೇನೆ. ನೀವು ಕಾಲೇಜಿಗೆ ಹೋಗಿದ್ದು ಯಾವಾಗ? ದೊಡ್ಡ ಕಂಪನಿಗಳು ಏಳನೇ ಸೆಮಿಸ್ಟರ್‌ನಲ್ಲೇ ಬಂದು ನೂರಾರು ಜನರನ್ನು ಆರಿಸಿಕೊಳ್ಳುತ್ತವೆ. ಒಂದು ಆಫರ್ ಸಿಕ್ಕಿದರೆ, ಅದಕ್ಕಿಂತ ತುಂಬಾ ಜಾಸ್ತಿ ಸಂಬಳ ಕೊಡುವ ಕಂಪನಿಗೆ ಮಾತ್ರ ಮತ್ತೆ ಕೂರಬಹುದು ಅನ್ನುವ ನಿಯಮ ಬಹಳ ಕಾಲೇಜುಗಳಲ್ಲಿದೆ. ಅವರ ಹಿಂದೆಯೇ ನೀವು ಹೋದರೆ ಒಳ್ಳೆಯ ಹುಡುಗರಿಗೆ ನಿಮ್ಮ ಇಂಟರ್‌ವ್ಯೂಗೆ ಬರಲು ಅವಕಾಶವೇ ಇರುವುದಿಲ್ಲ. ಮೊದಲೇ ಹೋಗಿ ಆಫರ್ ಕೊಟ್ಟರೂ ಸೇರಲು ಹತ್ತು ತಿಂಗಳು ಇರುತ್ತದೆ. ಅಷ್ಟರಲ್ಲಿ ಮನಸ್ಸು ಬದಲಾಗುತ್ತದೆ.

ನಾನು ಕಂಡಂತೆ ಸಣ್ಣ ಕಂಪನಿಗೆ ಫಲ ಕೊಟ್ಟಿದ್ದು ಕೊನೆಯ ವರ್ಷದ ಇಂಟರ್ನ್‌ಶಿಪ್. ನಮ್ಮಲ್ಲಿಗೆ ಬರುತ್ತಿದ್ದ ಒಂದು ಸಣ್ಣ ಕಂಪನಿ ಸ್ಟಾಲ್ ಹಾಕಲಿಲ್ಲ, ಭಾಷಣ ಮಾಡಲಿಲ್ಲ. ಒಂದು ಹಳೇ ಕಂಟ್ರೋಲ್ ಪ್ಯಾನೆಲ್ ತಂದು ಲ್ಯಾಬ್‌ನಲ್ಲಿಟ್ಟರು. ‘ಇದರಲ್ಲಿ ಒಂದು ತಪ್ಪಿದೆ, ಹುಡುಕಿ’ ಎಂದರು. ಜೊತೆಗೆ ಬಂದಿದ್ದು ಎಚ್‌ಆರ್ ಅಲ್ಲ, ಅದೇ ಕಾಲೇಜಿನ ಹಿಂದಿನ ವರ್ಷದ ಹುಡುಗಿ. ಸಂಜೆವರೆಗೂ ಪ್ಯಾನೆಲ್ ಬಿಡದೆ ಕೂತ ನಾಲ್ವರನ್ನು ಇಂಟರ್ನ್ ಮಾಡಿಕೊಂಡರು, ಮೂವರು ಅಲ್ಲೇ ಕೆಲಸಕ್ಕೆ ಉಳಿದರು. ಮರುವರ್ಷ ಜೂನಿಯರ್‌ಗಳು ತಾವಾಗಿಯೇ ಆ ಕಂಪನಿಯ ಹೆಸರು ಕೇಳಿಕೊಂಡು ನನ್ನ ಹತ್ತಿರ ಬಂದರು.

ದಾವಣಗೆರೆಯ ಒಬ್ಬ ತಾಯಿ: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಮಗನಿಗೆ ದೊಡ್ಡ ಕಂಪನಿಯ ಆಫರ್ ಬಂದು ಒಂಬತ್ತು ತಿಂಗಳಾಯಿತು, ಜಾಯಿನಿಂಗ್ ತಾರೀಖು ಬಂದಿಲ್ಲ. ಊರಲ್ಲೇ ಒಂದು ಸಣ್ಣ ಕಂಪನಿ ಕರೆಯುತ್ತಿದೆ. ಅದು ಮುಚ್ಚಿಹೋದರೆ ಏನು ಗತಿ ಅಂತ ಅವನ ಅಪ್ಪ ಬೇಡ ಅನ್ನುತ್ತಿದ್ದಾರೆ. ಕಳಿಸಬಹುದಾ?

ಮೈಸೂರಿನ ಎಚ್‌ಆರ್, 40 ಜನರ ಕಂಪನಿ: ಅಮ್ಮಾ, ಹೋಗಿ ಆಫೀಸ್ ನೋಡಿ ಬನ್ನಿ. ಪಿಎಫ್ ಕಟ್ಟುತ್ತಾರಾ, ಸಂಬಳ ಯಾವ ತಾರೀಖಿಗೆ ಬರುತ್ತದೆ ಅಂತ ಅಲ್ಲಿನ ಹುಡುಗರನ್ನೇ ಕೇಳಿ.

ಹುಬ್ಬಳ್ಳಿ ಸರ್, ಈ ತಾಯಿಯ ಮಾತು ಗಮನಿಸಿ. ನಮ್ಮಲ್ಲಿ ಆಫರ್ ಬಿಟ್ಟವರಿಗೆ ಫೋನ್ ಮಾಡಿ ಕೇಳಿದಾಗ ಜಾಸ್ತಿ ಬಂದ ಉತ್ತರ ‘ಮನೆಯಲ್ಲಿ ಒಪ್ಪಲಿಲ್ಲ’. ಆಮೇಲೆ ಆಫರ್ ಕೊಟ್ಟ ವಾರವೇ ಅಪ್ಪ ಅಮ್ಮನನ್ನು ಆಫೀಸಿಗೆ ಕರೆಯಲು ಶುರು ಮಾಡಿದೆವು. ಗ್ರಾಹಕರು ಯಾರು, ಎಷ್ಟು ವರ್ಷದಿಂದ ಇದ್ದಾರೆ ಅಂತ ಹೇಳುತ್ತೇವೆ.

ಕೈಗೆ ಬರುವ ಸಂಬಳವನ್ನೂ ಬರೆದು ತೋರಿಸುತ್ತೇವೆ. ದೊಡ್ಡ ಕಂಪನಿ ವರ್ಷಕ್ಕೆ 3.6 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 30,000 ಕೈಗೆ ಬರುತ್ತದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಪಿಎಫ್‌ನಲ್ಲಿ ಕಂಪನಿಯದು, ಹುಡುಗನದು ಎರಡೂ ಪಾಲು 1,800 ರಂತೆ ಹಿಡಿದರೆ 3,600 ಹೋಯಿತು, ಪ್ರೊಫೆಷನಲ್ ಟ್ಯಾಕ್ಸ್ 200. ಉಳಿಯುವುದು 26,200. ಗ್ರಾಚುಯಿಟಿ, ವಿಮೆಯನ್ನು ಅದರಲ್ಲೇ ಸೇರಿಸಿದ್ದರೆ ಇನ್ನೂ ಕಡಿಮೆ. ಬೆಂಗಳೂರಿನ ಪಿಜಿಗೆ ಊಟ ಸೇರಿ ಒಂಬತ್ತು ಸಾವಿರ ಹೋದರೆ ಉಳಿದಿದ್ದು 17,200. ಮನೆಯಲ್ಲೇ ಇದ್ದು 22,000 ಪಡೆಯುವ ಹುಡುಗನಿಗೆ ಈ ಲೆಕ್ಕ ಯಾರೂ ತೋರಿಸಿರುವುದಿಲ್ಲ. ಆದರೆ ಮನೆ ಬಿಟ್ಟು ಬರಬೇಕಾದ ಹುಡುಗರಿಗೆ ಈ ಮಾತು ನಡೆಯುವುದಿಲ್ಲ, ಅವರ ಹತ್ತಿರ ಹೇಳಲೂಬಾರದು.

ಮೂರು ವರ್ಷದಿಂದ ಸಣ್ಣ ಕಂಪನಿಯಲ್ಲಿರುವ ಹುಡುಗ: ನಾನು ಸೇರುವ ಮೊದಲು ನೋಡಿದ್ದು ಒಂದೇ, ಕಲಿಸುವವರು ಯಾರು ಅಂತ. ಇಂಟರ್‌ವ್ಯೂನಲ್ಲಿ ಆ ಸೀನಿಯರ್ ಜೊತೆ ಅರ್ಧ ಗಂಟೆ ಕೂರಿಸಿದರು. ಇನ್ನೊಂದು ಕಡೆ ಎರಡು ವರ್ಷದ ಬಾಂಡ್ ಕೇಳಿ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅಂದರು. ಸುಮ್ನೆ ಎದ್ದು ಬಂದೆ. ನಮ್ಮ ಬ್ಯಾಚ್ ವಾಟ್ಸಾಪ್ ಗುಂಪಿನಲ್ಲಿ ಆ ಸುದ್ದಿ ಅದೇ ರಾತ್ರಿ ಹರಡಿತು.

ಪೀಣ್ಯದ ಮಾಲೀಕರು: ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುವುದು ತಪ್ಪು, ಒಪ್ಪಿದೆ. ಆದರೆ ಆರು ತಿಂಗಳು ಕಲಿಸಿ, ಏಳನೇ ತಿಂಗಳು ಹೋದರೆ ನಷ್ಟ ಯಾರಿಗೆ? ಬಾಂಡ್ ಪೂರ್ತಿ ಬಿಡಲು ನಾನು ತಯಾರಿಲ್ಲ.

ಕೇಳಿದವರು: ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ದೊಡ್ಡವರು ಬಂದುಹೋದ ವಾರವೇ. ಆಮೇಲೆ ಜೂನ್‌ವರೆಗೂ ಆ ಆರು ಜನರಿಗೆ ಒಂದು ಫೋನೂ ಮಾಡಿರಲಿಲ್ಲ. ಈ ಸಲ ಇಂಟರ್ನ್‌ಶಿಪ್‌ಗೆ ಇಬ್ಬರನ್ನು ಕರೆಯುತ್ತೇವೆ. ಬಂದ ಇಬ್ಬರಲ್ಲಿ ಒಬ್ಬ ಅದೇ ಕಾಲೇಜಿನವನು, ಅವನನ್ನೇ ಕಳಿಸುತ್ತೇನೆ. ಬಾಂಡ್ ವಿಷಯ ನಮ್ಮಲ್ಲೂ ಚರ್ಚೆಯಲ್ಲಿದೆ. ಬಾಂಡ್ ತೆಗೆದ ಮೇಲೂ ಹುಡುಗರು ನಿಂತ ಅನುಭವ ಯಾರಿಗಾದರೂ ಇದೆಯಾ?