ಪದಚರ್ಚೆ: P(A|B) ನಡುವಿನ ಗೆರೆಯನ್ನು ಕನ್ನಡದಲ್ಲಿ ಹೇಗೆ ಓದೋದು? (ಸ್ವಲ್ಪ ಅರ್ಜೆಂಟ್)

ಗೆಳೆಯರೇ,

ಪಿಯುಸಿ ಮಕ್ಕಳ ಗಣಿತದ ಅಭ್ಯಾಸ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. ಲೆಕ್ಕ ಇದು: ಒಂದು ಊರಲ್ಲಿ 100ಕ್ಕೆ 2 ಜನರಿಗೆ ಒಂದು ಕಾಯಿಲೆ ಇದೆ. ಕಾಯಿಲೆ ಇದ್ದವರಲ್ಲಿ 100ಕ್ಕೆ 90 ಜನರಿಗೆ ಟೆಸ್ಟ್ ಪಾಸಿಟಿವ್ ಬರುತ್ತದೆ. ಇಲ್ಲದವರಲ್ಲೂ 100ಕ್ಕೆ 5 ಜನರಿಗೆ ಸುಮ್ನೆ ಪಾಸಿಟಿವ್ ಬರುತ್ತದೆ. ಈಗ ಒಬ್ಬರಿಗೆ ಪಾಸಿಟಿವ್ ಬಂದಿದೆ. ಅವರಿಗೆ ಕಾಯಿಲೆ ಇರುವ ಸಂಭವನೀಯತೆ ಎಷ್ಟು?

ಲೆಕ್ಕವನ್ನು ಕವಲು ಕವಲಾಗಿ ಬಿಡಿಸಿ ತೋರಿಸುವ ಚಿತ್ರವೂ ಹಾಳೆಯಲ್ಲಿದೆ. ಚಿತ್ರ ಅಂತ ಸಿಕ್ಕಿರುವುದು ಬೋರ್ಡಿನ ಒಂದು ಫೋಟೊ. ಕಿಟಕಿಯ ಬೆಳಕು ಬಿದ್ದು ಕೆಳಗಿನ ಕವಲಿನ ಅಂಕಿ 0.5 ಅಥವಾ 0.05, ಎರಡೂ ಥರ ಕಾಣುತ್ತದೆ. ಪಕ್ಕದ್ದು 0.95, ಸ್ಪಷ್ಟವಾಗಿದೆ.

D ಅಂದರೆ ಕಾಯಿಲೆ ಇರುವುದು, + ಅಂದರೆ ಪಾಸಿಟಿವ್ ಬರುವುದು. P(+|D) ಎಂಬುದಕ್ಕೆ ‘D ಷರತ್ತಿನ ಮೇಲೆ +’ ಎಂದು ಬರೆದೆ. ಕೋರ್ಟು ಜಾಮೀನು ಕೊಟ್ಟ ಹಾಗಿದೆ! ಇನ್ನು ಆ ಚಿತ್ರ ವೃಕ್ಷಚಿತ್ರವೋ ಮರಚಿತ್ರವೋ?

— ಸು.

---

‘ಷರತ್ತು’ ಅರಬ್ಬಿ. ‘ಷರತ್ತುಬದ್ಧ’ ಅಂದರೆ ಅರಬ್ಬಿಯ ತಲೆಗೆ ಸಂಸ್ಕೃತದ ಬಾಲ. ‘ನಿಬಂಧಿತ ಸಂಭವನೀಯತೆ’ ಎನ್ನಿ. ವೃಕ್ಷಚಿತ್ರ ಸರಿ.

— ವಿ.ರಾ.

---

ನಿಬಂಧಿತ ಅಂದರೆ ಹುಡುಗರು ನಿಬಂಧ ಬರೆಯೋಕೆ ಕೂರುತ್ತಾರೆ. ವೃಕ್ಷವೂ ಬೇಡ, ಮರವೂ ಬೇಡ. ಅಲ್ಲಿರುವುದು ಕವಲು. ಕವಲು, ಕವೆ ಒಂದೇ ಬೇರಿನವು. ತಮಿಳಲ್ಲೂ ಕವೈ ಇದೆ. ‘ಕವಲುಚಿತ್ರ’, ಮುಗೀತು.

— ಕೊ.

---

‘ಚಿತ್ರ’ ಯಾವ ಬೇರಿನದು ಸ್ವಾಮಿ?

— ವಿ.ರಾ.

---

ಇಷ್ಟಕ್ಕೆಲ್ಲ ಜಗಳ ಯಾಕೆ? ಗೆರೆಗೆ ‘ಇದ್ದರೆ’ ಸಾಕು. ಕಾಯಿಲೆ ಇದ್ದರೆ ಪಾಸಿಟಿವ್. ಟೆಸ್ಟ್ 90 ಪಾಲು ಸರಿ ಹೇಳುತ್ತದೆ, ಉತ್ತರವೂ 0.9, ಅಲ್ವಾ?

— ಪ್ರ.

---

ಪ್ರ. ಅವರೇ, ಪದ ಪರವಾಗಿಲ್ಲ, ಉತ್ತರ ತಪ್ಪು. 0.9 ಎಂಬುದು ಕಾಯಿಲೆ ಇರುವವರಲ್ಲಿ ಪಾಸಿಟಿವ್ ಬರುವವರ ಪಾಲು. ಕೇಳಿದ್ದು ಪಾಸಿಟಿವ್ ಬಂದವರಲ್ಲಿ ಕಾಯಿಲೆ ಇರುವವರ ಪಾಲು. ನೋಡಿ, ಈ ಎರಡು ವಾಕ್ಯದಲ್ಲೇ ಸು. ಅವರಿಗೆ ಬೇಕಾದ ಪದ ಇದೆ. ಗೆರೆ ಅಂದರೆ ‘-ರಲ್ಲಿ’. ಯಾರ ಗುಂಪಿನೊಳಗೆ ಎಣಿಸುತ್ತಿದ್ದೇವೆ ಎಂದು ಅದು ಹೇಳುತ್ತದೆ. ‘ಇದ್ದರೆ’ ಅಂದಾಗ ಮಕ್ಕಳು ಒಂದು ಕಾರಣ, ಇನ್ನೊಂದು ಫಲ ಎಂದುಕೊಳ್ಳುತ್ತಾರೆ. ಆಮೇಲೆ ‘ಪಾಸಿಟಿವ್ ಬಂದಿದ್ದರೆ ಕಾಯಿಲೆ’ ಎಂದು ತಿರುಗಿಸಿದಾಗ ಕಕ್ಕಾಬಿಕ್ಕಿ.

ಇನ್ನೊಂದು ತೊಡಕಿದೆ, ಪಾಠ ಮಾಡುವಾಗ ಪ್ರತಿ ವರ್ಷ ಕಂಡಿದ್ದೇನೆ. ಕನ್ನಡದಲ್ಲಿ ಗುಂಪು ಮೊದಲು ಬರುತ್ತದೆ, ಚಿಹ್ನೆಯಲ್ಲಿ ಕೊನೆಗೆ. ‘ಕಾಯಿಲೆ ಇರುವವರಲ್ಲಿ ಪಾಸಿಟಿವ್’ ಎಂದು ಕೇಳಿದ ಹುಡುಗ ಕೇಳಿದ ಸಾಲಿನಲ್ಲೇ P(D|+) ಎಂದು ಬರೆದುಬಿಡುತ್ತಾನೆ. ‘ಗೆರೆಯ ಬಲಗಡೆಯಿಂದ ಓದಿ’ ಎಂದು ಹಾಳೆಯಲ್ಲಿ ಒಂದು ಸಾಲು ಹಾಕಿ.

ಫೋಟೊ ಬಗ್ಗೆ. ಒಂದೇ ಚುಕ್ಕೆಯಿಂದ ಹೊರಟ ಕವಲುಗಳನ್ನು ಕೂಡಿದರೆ 1 ಬರಬೇಕು. ಪಕ್ಕದಲ್ಲಿ 0.95 ಇದ್ದ ಮೇಲೆ ಅದು 0.05 ಅಷ್ಟೇ. 0.5 ಎಂದು ಅಚ್ಚಾದರೆ ಉತ್ತರ 0.04ರ ಹತ್ತಿರ ಬೀಳುತ್ತದೆ.

ಲೆಕ್ಕಕ್ಕೆ 1000 ಜನರನ್ನು ನಿಲ್ಲಿಸಿ. ಕಾಯಿಲೆಯವರು 20, ಅವರಲ್ಲಿ ಪಾಸಿಟಿವ್ 18. ಉಳಿದ 980ರಲ್ಲಿ ಸುಮ್ನೆ ಪಾಸಿಟಿವ್ ಬಂದವರು 49. ಒಟ್ಟು ಪಾಸಿಟಿವ್ 67, ಅದರಲ್ಲಿ ನಿಜವಾದವರು 18. ಬೇಯ್ಸ್ ಸೂತ್ರವೂ ಇದನ್ನೇ ಮಾಡುತ್ತದೆ:

```
P(D|+) = 0.02×0.90 / (0.02×0.90 + 0.98×0.05)
       = 0.018 / 0.067 ≈ 0.27
```

ಚಿತ್ರದ ಬಲತುದಿಯಲ್ಲಿ 0.018 ಇದ್ದರೆ ಅದಕ್ಕೆ ‘ಕಾಯಿಲೆಯೂ ಇದೆ, ಪಾಸಿಟಿವ್ವೂ ಬಂದಿದೆ’ ಎಂದು ಬರೆಯಿರಿ. ಅಲ್ಲಿ ‘-ರಲ್ಲಿ’ ಹಾಕಬೇಡಿ, ಅದು ಇಡೀ ಊರಿನ ಪಾಲು.

— ನಾ.ಮೇಷ್ಟ್ರು

---

27 ಅಂದರೆ ಆ ಟೆಸ್ಟ್ ದಂಡ ಅಂತಾಯ್ತು! ನಮ್ಮ ಅತ್ತೆಗೂ ಹೀಗೇ ಒಂದು ಲ್ಯಾಬಿನಲ್ಲಿ ಪಾಸಿಟಿವ್ ಬಂತು, ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಎರಡನೇ ಸಲ ನೆಗೆಟಿವ್. ಇದಕ್ಕೆ ಕನ್ನಡದಲ್ಲಿ ‘ಮೋಸ’ ಅನ್ನೋ ಪದ ಇದೆಯಲ್ಲ?

— ಶೈ.

---

ದಂಡ ಅಲ್ಲಮ್ಮ. 2 ಇದ್ದದ್ದು 27 ಆಯಿತು. ಅತ್ತೆಯವರು ಜ್ವರ, ಕೆಮ್ಮು ಅಂತ ಹೋಗಿದ್ದರೆ ಮೊದಲ ಕವಲಿನ 0.02 ಅವರಿಗೆ ಹೊಂದುವುದೇ ಇಲ್ಲ. ಅದು ಇಡೀ ಊರಿನ ಲೆಕ್ಕ, ಲಕ್ಷಣ ಇದ್ದವರಲ್ಲಿ ಜಾಸ್ತಿ ಇರುತ್ತದೆ.

— ನಾ.ಮೇಷ್ಟ್ರು

---

ಎಲ್ಲ ಸರಿ. ತಲೆಬರಹಕ್ಕೆ ‘-ರಲ್ಲಿ’ ಹಾಕಲಾಗದು. ನಾಮಪದ ಬೇಕು. ನಿಬಂಧಿತ.

— ವಿ.ರಾ.

---

ಅರಬ್ಬಿ, ಪಾರಸಿ ಬೇಡ ಅನ್ನುವವರು ಅರ್ಜಿ, ವಕೀಲ, ಸರ್ಕಾರ ಇಲ್ಲದೆ ಒಂದು ದಿನ ಕಳೆದು ತೋರಿಸಲಿ. ಷರತ್ತು ನಮ್ಮದೇ. ತಕರಾರಿದ್ದರೆ... ಅಯ್ಯೋ, ತಕರಾರೂ ಅಲ್ಲಿಂದಲೇ ಬಂದದ್ದು.

— ಕೊ.

---

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿನಲ್ಲಿ ಬರೆದವರಿಗೆ ಫೋನ್ ಮಾಡಿದೆ, ಅದು 0.05. ತಲೆಬರಹ ‘ಷರತ್ತುಬದ್ಧ ಸಂಭವನೀಯತೆ’ ಎಂದೇ ಬಿಟ್ಟಿದ್ದೇನೆ. ಒಳಗೆಲ್ಲ ‘-ರಲ್ಲಿ’. ಚಿತ್ರದ ಕೆಳಗಿನ ಹೆಸರನ್ನು ಮಾತ್ರ ಇನ್ನೂ ಖಾಲಿ ಬಿಟ್ಟಿದ್ದೇನೆ. ಕವಲುಚಿತ್ರ ಅಂದರೆ ಪ್ರೆಸ್ಸಿನವರು ನಗುತ್ತಾರಾ?

— ಸು.