ಅಗಸಿ ಹಿಂಡಿ ಮುಂದ ಗುಳಿಗಿ ಯಾಕ?

ಬಸವರಾಜ: *(ಫಾರ್ವರ್ಡ್)* "ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ 1600 ಮಿ.ಗ್ರಾಂ ಒಮೆಗಾ 3! ಮೀನೆಣ್ಣೆ ಗುಳಿಗೆಯಲ್ಲಿ ಬರೀ 300!" ನೋಡ್ರಿ, ನಮ್ಮ ಅಗಸಿ ಹಿಂಡಿ ಮುಂದ ಗುಳಿಗಿ ಯಾಕ ಬೇಕು?

ಶೈಲಾ: ಅಂಕಿ ಸರಿ, ಹೋಲಿಕೆ ತಪ್ಪು ಬಸು. ಒಮೆಗಾ 3 ಕೊಬ್ಬಿನಲ್ಲೇ ಬೇರೆ ಬೇರೆ ಬಗೆ ಇವೆ: ಅಗಸೆಯಲ್ಲಿರೋದು ಎಎಲ್‌ಎ, ಮೀನಿನಲ್ಲಿರೋದು ಇಪಿಎ ಮತ್ತು ಡಿಎಚ್‌ಎ. ಎಎಲ್‌ಎಯನ್ನ ನಮ್ಮ ದೇಹ ಆ ಎರಡಾಗಿ ಬದಲಾಯಿಸುತ್ತೆ, ಆದ್ರೆ ತೀರಾ ಜಿಪುಣತನದಿಂದ. ನೂರಕ್ಕೆ ಐದು ಅಂತ ಹಿಡಿದ್ರೂ ನಿನ್ನ 1600ರಲ್ಲಿ ಇಪಿಎ ಆಗೋದು 80 ಮಿ.ಗ್ರಾಂ. ಡಿಎಚ್‌ಎ ಅಂತೂ ಅದಕ್ಕಿಂತ ಎಷ್ಟೋ ಕಮ್ಮಿ.

ಪ್ರವೀಣ್: ಅದಕ್ಕೇ ಹೇಳುದು ಮಾರಾಯ, ಬಂಗುಡೆ ತಿನ್ನು 😄

ಬಸವರಾಜ: ಹಂಗಾದ್ರ ಅಗಸಿ ದಂಡ ಅಂತೀಯೇನು?

ಶೈಲಾ: ಯಾರು ಹೇಳಿದ್ದು? ಎಎಲ್‌ಎ ಕೂಡ ಊಟದಿಂದಲೇ ಬರಬೇಕಾದ ಕೊಬ್ಬು. ಗಂಡಸರಿಗೆ ದಿನಕ್ಕೆ ಸುಮಾರು 1.6 ಗ್ರಾಂ ಬೇಕು, ನಿನ್ನ ಒಂದು ಚಮಚಕ್ಕೇ ಅದು ಮುಗೀತು. ಅಕ್ರೋಟಾದ್ರೆ ಏಳು ಕಾಯಿ ತಿಂದ್ರೆ 2.5 ಗ್ರಾಂ. ಆದ್ರೆ ಅದೂ ಎಎಲ್‌ಎನೇ, ಜೇಬಿಗೆ ಭಾರ ಬೇರೆ.

ವಿದ್ಯಾ: ಇಡೀ ಕಾಳು ನುಂಗೋರಿಗೆ ಆ ಲೆಕ್ಕವೂ ಇಲ್ಲ. ಸಿಪ್ಪೆ ಗಟ್ಟಿ, ಹೊಟ್ಟೆಗೆ ಹೋದ ಹಾಗೇ ಹೊರಗೆ ಬರುತ್ತೆ. ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಹುರಿದು, ಪೂರ್ತಿ ಆರಿಸಿ, ಒಂದು ವಾರಕ್ಕಾಗೋಷ್ಟೇ ಪುಡಿ ಮಾಡಿ ಫ್ರಿಜ್‌ನಲ್ಲಿಡಿ. ಬಿಸಿ ಇದ್ದಾಗ ಮಿಕ್ಸಿಗೆ ಹಾಕಿದ್ರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತೆ. ಪುಡಿ ಕಹಿಯಾಗಿ ಪೇಂಟ್ ವಾಸನೆ ಬಂದ್ರೆ ಬಿಸಾಡಿ. ಪೇಂಟಿಗೆ ಹಾಕೋ ಲಿನ್‌ಸೀಡ್ ಎಣ್ಣೆ ಇದೇ ಅಗಸೆದು. ಗಾಳಿ ತಾಗಿ ಅದು ಗೋಡೆ ಮೇಲೆ ಒಣಗೋದೂ, ಡಬ್ಬಿಯಲ್ಲಿ ಪುಡಿ ಕೆಡೋದೂ ಒಂದೇ ಕಾರಣಕ್ಕೆ.

ಪ್ರವೀಣ್: ಗುಳಿಗೆಯೂ ಕೆಡ್ತದೆ. ಒಂದನ್ನು ಕತ್ತರಿಸಿ ಮೂಸಿ ನೋಡು. ಸ್ವಲ್ಪ ಮೀನಿನ ವಾಸನೆ ಇದ್ರೆ ಸಮ, ಕಮಟು ಹೊಡೆದ್ರೆ ಬಾಟಲಿಯೇ ಬಿಸಾಡು. ಮತ್ತೆ ಬಾಟಲಿ ಎದುರಿಗೆ ದೊಡ್ಡದಾಗಿ ಬರೆದ 1000 ಮಿ.ಗ್ರಾಂ ಎಣ್ಣೆಯ ತೂಕ ಅಷ್ಟೆ. ಹಿಂದೆ ತಿರುಗಿಸು: ಸಾಮಾನ್ಯದ್ರಲ್ಲಿ ಇಪಿಎ 180, ಡಿಎಚ್‌ಎ 120.

ಬಸವರಾಜ: ನಾವು ಮೀನ ಮುಟ್ಟಂಗಿಲ್ಲ. ಏನ್ ಮಾಡೂಣು?

ಶೈಲಾ: ಪಾಚಿ ಎಣ್ಣೆ. ಮೀನಿಗೂ ಡಿಎಚ್‌ಎ ಬರೋದು ಮೂಲದಲ್ಲಿ ಸಮುದ್ರದ ಸೂಕ್ಷ್ಮ ಪಾಚಿಯಿಂದಲೇ, ಮಧ್ಯದಲ್ಲಿ ಮೀನನ್ನ ಬಿಟ್ಟ ಹಾಗೆ ಅಷ್ಟೇ. ಆದ್ರೆ ಎಷ್ಟೋ ಪಾಚಿ ಗುಳಿಗೆಗಳಲ್ಲಿ ಬರೀ ಡಿಎಚ್‌ಎ ಇರುತ್ತೆ, ಇಪಿಎ ಬೇಕಿದ್ರೆ ಎರಡೂ ಬರೆದಿರೋದನ್ನೇ ಹುಡುಕು. ಎರಡೂ ಸೇರಿ ದಿನಕ್ಕೆ 250ರಿಂದ 500 ಮಿ.ಗ್ರಾಂ ಸಾಕು. ಹೊರಗಿನ ಕವಚ ಜೆಲಟಿನ್ ಆಗಿದ್ರೆ ಅದು ಪ್ರಾಣಿಮೂಲದ್ದು, ಅದನ್ನೂ ಓದು.

ಪ್ರವೀಣ್: ಹಾಗಾದ್ರೆ ನಾಕು ಗುಳಿಗೆ ನುಂಗಿದ್ರೆ ಇನ್ನೂ ಒಳ್ಳೆದಾ?

ಶೈಲಾ: ಬೇಡ. ದಿನಕ್ಕೆ ಗ್ರಾಂಗಟ್ಟಲೆ ತಗೊಂಡೋರಲ್ಲಿ ಹೃದಯದ ಬಡಿತ ಏರುಪೇರಾಗೋ ಅಪಾಯ ಹೆಚ್ಚಿರೋದು ಕಂಡಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಶುರು ಮಾಡಬಾರದು.

ಬಸವರಾಜ: ಆತು. ಹಿಂಡಿನೂ ಇರ್ಲಿ, ಪಾಚೀನೂ ಬರ್ಲಿ. ಫಾರ್ವರ್ಡ್ ಅಳಿಸ್ತೀನಿ.