ಕೈ ತೊಳೆಯುವ ಕಡೆ ಗಿರಾಕಿ ಜಾರಿ ಬಿದ್ದರು, ಈಗ ಏನು ಮಾಡಲಿ?

ಖಾನಾವಳಿಯವರು, ಕಲಬುರಗಿ: ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಹೋದ ಅಜ್ಜಿಯೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. 'ನೆಲ ಒದ್ದೆ ಇದೆ' ಅಂತ ಬೋರ್ಡ್ ಇಟ್ಟಿದ್ದೆವು. ಅವರ ಮಗ 80,000 ಕೇಳುತ್ತಿದ್ದಾರೆ. ಕೊಡಬೇಕಾ? ನಿಮಗೆ ಹೀಗಾದಾಗ ಏನು ಮಾಡಿದಿರಿ?

ಮೊಬೈಲ್ ಅಂಗಡಿಯವರು: ಬೋರ್ಡ್ ಇತ್ತಲ್ಲ, ಮುಗೀತು. ಒಂದು ಪೈಸೆ ಕೊಡಬೇಡಿ. ನೋಡಿ ನಡೆಯುವುದು ಅವರ ಕೆಲಸ. ಕ್ಯಾಮೆರಾ ಫುಟೇಜ್ ಮಾತ್ರ ತೆಗೆದಿಟ್ಟುಕೊಳ್ಳಿ.

ಲಾಡ್ಜ್ ನಡೆಸುವವರು: ಫುಟೇಜ್ ಮಾತು ಸರಿ, ಬೋರ್ಡ್ ಮಾತು ಸರಿಯಲ್ಲ. ನಾನು ಹಾಗೇ ಅಂದುಕೊಂಡು ಕೈ ಸುಟ್ಟುಕೊಂಡೆ. ಮೂರು ವರ್ಷದ ಹಿಂದೆ ನಮ್ಮ ಊಟದ ಹಾಲಿನಲ್ಲಿ ಒಬ್ಬರು ಬಿದ್ದರು. ಬೋರ್ಡ್ ಇತ್ತು. ಫುಟೇಜ್ ನೋಡಿದರೆ ಅದು ಬೆಳಿಗ್ಗೆಯಿಂದ ಅಲ್ಲೇ ನಿಂತಿದೆ, ಬೀಳುವ ಮೊದಲು ಇಬ್ಬರು ಗಿರಾಕಿಗಳು ಅಲ್ಲೇ ಕಾಲು ಜಾರಿ ಸಾವರಿಸಿಕೊಂಡಿದ್ದಾರೆ, ನಮ್ಮ ಹುಡುಗ ನೋಡುತ್ತಾ ನಿಂತಿದ್ದಾನೆ. ವಕೀಲರು ಒಂದೇ ಮಾತು ಹೇಳಿದರು: "ಒದ್ದೆ ಇದೆ ಅಂತ ನಿಮಗೆ ಗೊತ್ತಿತ್ತು ಅನ್ನೋದಕ್ಕೆ ಆ ಬೋರ್ಡೇ ಸಾಕ್ಷಿ. ಗೊತ್ತಿದ್ದೂ ಯಾಕೆ ಒರೆಸಲಿಲ್ಲ?"

ಡಿವಿಆರ್‌ನಲ್ಲಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ನಮ್ಮದರಲ್ಲಿ 12 ದಿನ ಮಾತ್ರ ಉಳಿಯುತ್ತಿತ್ತು. ಬೀಳುವ ಕ್ಷಣ ಒಂದೇ ಅಲ್ಲ, ಅದಕ್ಕೆ ಒಂದು ಗಂಟೆ ಮೊದಲಿನಿಂದ ಪೆನ್‌ಡ್ರೈವ್‌ಗೆ ಹಾಕಿಡಿ. ನಿಮಗೆ ವಿರುದ್ಧವಾಗಿದ್ದರೂ ಅಳಿಸಬೇಡಿ. ಅಳಿಸಿದ್ದು ಗೊತ್ತಾದರೆ ಬಿದ್ದಿದ್ದಕ್ಕಿಂತ ಅದೇ ದೊಡ್ಡ ವಿಷಯವಾಗುತ್ತದೆ.

ಇನ್ನು ದುಡ್ಡು. ಅಂಗಡಿಗೆ ವಿಮೆ ಇದೆಯಾ? ಇದ್ದರೆ ಪಾಲಿಸಿ ಬಿಚ್ಚಿ, ಗಿರಾಕಿಗೆ ಪೆಟ್ಟಾದರೆ ಪರಿಹಾರ ಭರಿಸುವ ಪಬ್ಲಿಕ್ ಲಯಬಿಲಿಟಿ ಅನ್ನುವ ಭಾಗ ಇದೆಯಾ ನೋಡಿ. ಇದ್ದರೆ ಇವತ್ತೇ ಕಂಪನಿಗೆ ಬರೆದು ತಿಳಿಸಿ. ನಾನು ಆಸ್ಪತ್ರೆಯಲ್ಲಿ ಗಾಬರಿಯಿಂದ "ತಪ್ಪು ನಮ್ಮದೇ, ಎಲ್ಲಾ ಖರ್ಚು ನಮ್ಮದು" ಅಂತ ವಾಟ್ಸಾಪ್‌ನಲ್ಲಿ ಬರೆದುಬಿಟ್ಟೆ. ನಮ್ಮನ್ನು ಕೇಳದೆ ಹೊಣೆ ಒಪ್ಪಿಕೊಳ್ಳಬಾರದು ಅಂತ ಪಾಲಿಸಿಯಲ್ಲೇ ಷರತ್ತಿದೆ ಎಂದು ಕಂಪನಿ ತಕರಾರು ತೆಗೆಯಿತು. 46,000 ಬಿಲ್ಲಿಗೆ ಎರಡು ತಿಂಗಳು ಓಡಾಡಿ 30,000 ಸಿಕ್ಕಿತು. ಉಳಿದದ್ದು ನನ್ನ ಜೇಬಿನಿಂದ.

ನಿವೃತ್ತ ಮೇಷ್ಟ್ರು: ಬಚ್ಚಲಿಗೆ ರಬ್ಬರ್ ಮ್ಯಾಟ್ ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ, ವಯಸ್ಸಾದವರಿಗೆ ಬಹಳ ಅನುಕೂಲ.

ಖಾನಾವಳಿಯವರು: ಸರ್, ಇದು ಮನೆಯಲ್ಲ, ಅಂಗಡಿ. ಲಾಡ್ಜ್ ಅಣ್ಣಾ, ನಮ್ಮದು ಬ್ಯಾಂಕ್ ಸಾಲಕ್ಕೆ ಮಾಡಿಸಿದ ಬೆಂಕಿ ವಿಮೆ ಅಷ್ಟೇ ಅನ್ನಿಸುತ್ತೆ. ಎಕ್ಸ್‌ರೇಗೆ ಆಗಲೇ 5,000 ಕೊಟ್ಟಿದ್ದೇನೆ. ಅದೂ ತಪ್ಪಾಯಿತಾ?

ಲಾಡ್ಜ್ ನಡೆಸುವವರು: ಚಿಕಿತ್ಸೆಗೆ ಸಹಾಯ ಮಾಡಿದೆ ಅನ್ನುವುದು ಬೇರೆ, ತಪ್ಪು ನನ್ನದು ಅಂತ ಬರೆದುಕೊಡುವುದು ಬೇರೆ. ರಸೀದಿ ಇಟ್ಟುಕೊಳ್ಳಿ. 80,000ಕ್ಕೆ ಲೆಕ್ಕ ಕೇಳಿ, ಬಿಲ್ ನೋಡದೆ ಅಂಕಿ ಒಪ್ಪಬೇಡಿ.

ಬೀದರಿನ ಅಕ್ಕ: ನಾನು ಆ ಕಡೆಯವಳು. ನಮ್ಮ ಅವ್ವ ಬಟ್ಟೆ ಅಂಗಡಿಯಲ್ಲಿ ಬಿದ್ದಳು. ಇಬ್ಬರು ಹುಡುಗರು ಕಂಕುಳಿಗೆ ಕೈ ಹಾಕಿ ಎತ್ತಿ ಕುರ್ಚಿಯ ಮೇಲೆ ಕೂರಿಸಿದರು. ಅವಳ ಪಾದ ಹೊರಗೆ ತಿರುಗಿತ್ತು, ಆ ಕಾಲು ಗಿಡ್ಡವಾದಂತೆ ಕಾಣುತ್ತಿತ್ತು. ಸೊಂಟದ ಕೀಲು ಮುರಿದಿತ್ತು. ಎತ್ತಬಾರದಿತ್ತು ಅಂತ ಡಾಕ್ಟರ್ ಬೈದರು. ಅಲ್ಲೇ ಮಲಗಿಸಿ 108ಕ್ಕೆ ಫೋನ್ ಮಾಡಬೇಕಿತ್ತು. ನಾವು ದುಡ್ಡು ಕೇಳಿರಲೇ ಇಲ್ಲ. ಮಾಲೀಕರು ನಾಲ್ಕು ದಿನ ಒಂದು ಫೋನ್ ಸಹ ಮಾಡಲಿಲ್ಲ. ಆ ಸಿಟ್ಟಿಗೆ ಗ್ರಾಹಕರ ಆಯೋಗಕ್ಕೆ ಹೋದೆವು. ಅಲ್ಲಿ ದೂರು ಕೊಡಲು ಎರಡು ವರ್ಷ ಸಮಯ ಇರುತ್ತದೆ ಅಣ್ಣಾ, ಮುಂದೆ ಅವರು ಸುಮ್ಮನಾದರೂ ನೀವು ಮರೆಯಬೇಡಿ. ಮೊದಲು ಹೋಗಿ ಅಜ್ಜಿಯನ್ನು ನೋಡಿ ಬನ್ನಿ.

ಮೊಬೈಲ್ ಅಂಗಡಿಯವರು: ಹೋದರೆ ತಪ್ಪು ಒಪ್ಪಿಕೊಂಡಂತೆ ಅಲ್ವಾ?

ಬೀದರಿನ ಅಕ್ಕ: ಹಣ್ಣು ತಗೊಂಡು ಹೋದರೆ ಯಾವ ಕೋರ್ಟಿನಲ್ಲೂ ತಪ್ಪೊಪ್ಪಿಗೆ ಆಗೋದಿಲ್ಲ ರೀ.

ಹೋಟೆಲ್ ಹೌಸ್‌ಕೀಪಿಂಗ್, ಯಾದಗಿರಿ: ನೆಲ ಯಾವುದು? ಪಾಲಿಶ್ ಮಾಡಿದ ಶಹಾಬಾದ ಪರಸಿನಾ? ಜಾರಿಸಿದ್ದು ಬರೀ ನೀರಲ್ಲ ಅನ್ನಿಸುತ್ತೆ, ಎಣ್ಣೆ ಇರಬೇಕು. ನೆಲ ಒಣಗಿದಾಗ ಬಿಳಿ ಟಿಶ್ಯೂ ಉಜ್ಜಿ ನೋಡಿ, ಹಳದಿ ಜಿಡ್ಡು ಬಂದರೆ ಅದೇ. ಅಡುಗೆ ಮನೆ ಬಾಗಿಲಿನ ಮಾಪ್ ಅನ್ನೇ ಹಾಲಿಗೂ ತಂದರೆ ಎಣ್ಣೆ ಎಲ್ಲಾ ಕಡೆ ತೆಳ್ಳಗೆ ಸವರಿದಂತೆ. ಫಿನಾಯಿಲ್ ವಾಸನೆ ಬರುತ್ತದೆ, ಜಿಡ್ಡು ಹೋಗುವುದಿಲ್ಲ. ಬಿಸಿನೀರಿಗೆ ಪಾತ್ರೆ ಸೋಪು ಹಾಕಿ, ಹತ್ತು ನಿಮಿಷ ಬಿಟ್ಟು ಬ್ರಷ್‌ನಿಂದ ಉಜ್ಜಿ, ಎರಡು ಸಲ ಬರೀ ನೀರಿನಿಂದ ತೊಳೆದು ವೈಪರ್ ಎಳೆಯಿರಿ. ಸೋಪು ಉಳಿದರೂ ಜಾರುತ್ತದೆ. ಕೈ ಒರೆಸುವ ಟವೆಲ್ ಎಲ್ಲಿದೆ?

ಖಾನಾವಳಿಯವರು: ಪರಸಿನೇ. ಟಿಶ್ಯೂ ಗಲ್ಲಾ ಹತ್ತಿರ.

ಹೋಟೆಲ್ ಹೌಸ್‌ಕೀಪಿಂಗ್, ಯಾದಗಿರಿ: ಹಾಗಾದರೆ ಎಲ್ಲರೂ ಕೈ ಕೊಡವುತ್ತಾ ಗಲ್ಲಾವರೆಗೆ ನಡೆಯುತ್ತಾರೆ. ಬೇಸಿನ್ ಪಕ್ಕಕ್ಕೇ ತನ್ನಿ.

ಲಾಡ್ಜ್ ನಡೆಸುವವರು: ತೊಳೆಯುವ ಮೊದಲು ಆ ಜಾಗದ ಫೋಟೋ ತೆಗೆದಿಡಿ.

ಖಾನಾವಳಿಯವರು: ಈಗಷ್ಟೇ ಡಿವಿಆರ್ ನೋಡಿದೆ. 1:40ಕ್ಕೆ ಹುಡುಗ ಒರೆಸಿದ್ದಾನೆ, 1:52ಕ್ಕೆ ಅಜ್ಜಿ ಬಿದ್ದಿದ್ದಾರೆ. ಬೋರ್ಡ್ ಇತ್ತು, ಆದರೆ ಬೇಸಿನ್‌ನ ಆಚೆ ಬದಿಗೆ. ಅಜ್ಜಿ ಬಂದ ದಾರಿಯಿಂದ ಅದರ ಬೆನ್ನು ಮಾತ್ರ ಕಾಣುತ್ತದೆ. ಸಂಜೆ ಅವರ ಮನೆಗೆ ಹೋಗುತ್ತಿದ್ದೇನೆ. 80,000 ಬಗ್ಗೆ ಇನ್ನೂ ಏನೂ ತೋಚಿಲ್ಲ.